ಒಂದೇ ಭೂತಗನ್ನಡಿ, ಎರಡು ಲೆಕ್ಕ

ಒಂದು ಭೂತಗನ್ನಡಿಯ ಹಿಡಿಯ ಮೇಲೆ 2.5X ಎಂದಿರುತ್ತದೆ, ಅಷ್ಟೇ ಶಕ್ತಿಯ ಇನ್ನೊಂದರ ಮೇಲೆ 3.5X ಎಂದಿರುತ್ತದೆ. ಯಾರೂ ಸುಳ್ಳು ಹೇಳಿಲ್ಲ. ನೋಡುವವರು ಗಾಜನ್ನು ಹೇಗೆ ಹಿಡಿಯುತ್ತಾರೆ ಎಂಬುದನ್ನು ಇಬ್ಬರೂ ಬೇರೆ ಬೇರೆಯಾಗಿ ಊಹಿಸಿಕೊಂಡು ಲೆಕ್ಕ ಹಾಕಿದ್ದಾರೆ, ಅಷ್ಟೆ.

ಯಾವುದೇ ವಸ್ತು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಅದು ಕಣ್ಣಿನಲ್ಲಿ ಮಾಡುವ ಕೋನದ ಮೇಲೆ ನಿಂತಿದೆ. ಹತ್ತಿರ ತಂದಷ್ಟೂ ಕೋನ ಹಿಗ್ಗುತ್ತದೆ. ಆದರೆ ತೀರಾ ಹತ್ತಿರ ತಂದರೆ ಕಣ್ಣಿಗೆ ಹಿಡಿತ ಸಿಗದೆ ಎಲ್ಲವೂ ಮಸುಕಾಗುತ್ತದೆ. ಆರೋಗ್ಯವಂತ ಕಣ್ಣು ಆರಾಮವಾಗಿ ಸ್ಪಷ್ಟವಾಗಿ ನೋಡಬಲ್ಲ ಕನಿಷ್ಠ ದೂರವನ್ನು ಪುಸ್ತಕಗಳು 25 ಸೆಂ.ಮೀ. ಎಂದು ಇಟ್ಟುಕೊಂಡಿವೆ, ಇದೇ ಸಮೀಪ ಬಿಂದು. ಭೂತಗನ್ನಡಿಯ ಕೆಲಸ ನಿಜಕ್ಕೂ ಇಷ್ಟೇ: ವಸ್ತುವನ್ನು ಈ ಗೆರೆ ದಾಟಿಸಿ ಇನ್ನೂ ಹತ್ತಿರ ತಂದರೂ ಮಸುಕಾಗದಂತೆ ನೋಡಿಕೊಳ್ಳುವುದು.

ಪತ್ರಿಕೆಯಲ್ಲಿ 2 ಮಿ.ಮೀ. ಎತ್ತರದ ಅಕ್ಷರವೊಂದಿದೆ ಎನ್ನಿ. ಬರಿಗಣ್ಣಿಗೆ 25 ಸೆಂ.ಮೀ. ದೂರದಲ್ಲಿ ಅದು ಮಾಡುವ ಕೋನ ಅರ್ಧ ಡಿಗ್ರಿಗಿಂತ ತುಸು ಕಡಿಮೆ, ಸುಮಾರು 0.46 ಡಿಗ್ರಿ. ಈಗ 10 ಸೆಂ.ಮೀ. ಸಂಗಮದೂರದ ಭೂತಗನ್ನಡಿಯನ್ನು ಕಣ್ಣಿಗೆ ತಾಗುವಂತೆಯೇ ಹಿಡಿದು, ಅಕ್ಷರವನ್ನು ಗಾಜಿನಿಂದ ಸರಿಯಾಗಿ 10 ಸೆಂ.ಮೀ. ದೂರದಲ್ಲಿಡಿ. ಅಕ್ಷರದ ಒಂದೊಂದು ಬಿಂದುವಿನಿಂದ ಬಂದ ಕಿರಣಗಳು ಗಾಜು ದಾಟಿ ಸಮಾಂತರವಾಗಿ ಹೊರಬರುತ್ತವೆ. ಪ್ರತಿಬಿಂಬ ಅನಂತ ದೂರದಲ್ಲಿದ್ದಂತೆ ಕಣ್ಣು ನೋಡುತ್ತದೆ, ದೂರದ ಬೆಟ್ಟ ನೋಡುವಾಗಿನಂತೆ ಅದರ ಸ್ನಾಯು ಸಡಿಲವಾಗಿರುತ್ತದೆ. ಕೋನ 1.15 ಡಿಗ್ರಿ, ಅಂದರೆ ಮೊದಲಿನ ಎರಡೂವರೆ ಪಟ್ಟು. ಸೂತ್ರ M = 25/f.

ಗಾಜು ಕಣ್ಣಿನ ಬಳಿಯೇ ಇರಲಿ, ಅಕ್ಷರವನ್ನು ಇನ್ನಷ್ಟು ಹತ್ತಿರ, 7.1 ಸೆಂ.ಮೀ.ಗೆ ತನ್ನಿ. ಈಗ ಪ್ರತಿಬಿಂಬ 25 ಸೆಂ.ಮೀ. ದೂರದಲ್ಲಿ, ಸಮೀಪ ಬಿಂದುವಿನಲ್ಲೇ ನಿಲ್ಲುತ್ತದೆ. ಕೋನ 1.6 ಡಿಗ್ರಿಗೆ ಏರುತ್ತದೆ, ವರ್ಧನೆ 3.5. ಸೂತ್ರ M = 1 + 25/f. ಆ ಹೆಚ್ಚಿನ ಒಂದು ಪುಕ್ಕಟೆಯಾಗಿ ಬಂದದ್ದಲ್ಲ. ಕಣ್ಣಿನ ಸ್ನಾಯು ಬಿಗಿದು ಅದರ ಬೆಲೆ ತೆತ್ತಿದೆ. ಐದು ನಿಮಿಷ ಹೀಗೆ ಓದಬಹುದು, ಇಡೀ ಪುಟ ಓದಿದರೆ ಕಣ್ಣು ದಣಿಯುತ್ತದೆ.

ಗಾಜಿನ ಶಕ್ತಿ ಏನೇ ಇರಲಿ, ಈ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಯಾವಾಗಲೂ ಒಂದೇ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಪುಟ್ಟ ಮಸೂರದ ಸಂಗಮದೂರ 2.5 ಸೆಂ.ಮೀ. ಇದ್ದರೆ ವರ್ಧನೆ 10 ಅಥವಾ 11. ಅಷ್ಟಕ್ಕಾಗಿ ದಿನವಿಡೀ ಕಣ್ಣು ಬಿಗಿಹಿಡಿಯುವುದು ದಂಡ. ಕಡಿಮೆ ಶಕ್ತಿಯ ಗಾಜಿನ ಕತೆ ಬೇರೆ. 25 ಸೆಂ.ಮೀ. ಸಂಗಮದೂರದ ಗಾಜು ಒಂದು ಲೆಕ್ಕದಲ್ಲಿ 2X, ಇನ್ನೊಂದರಲ್ಲಿ ಬರೀ 1X. ಒಂದು ಪಟ್ಟು ಎಂದು ಬರೆದರೆ ಅದನ್ನು ಯಾರು ಕೊಳ್ಳುತ್ತಾರೆ!

ಪಠ್ಯಪುಸ್ತಕ ಹೆಚ್ಚಾಗಿ ಒತ್ತಿ ಹೇಳದ ಮಾತು ಇನ್ನೊಂದಿದೆ. ಮೇಲಿನ 3.5 ಸಿಗುವುದು ಗಾಜು ಕಣ್ಣಿಗೆ ಅಂಟಿದಂತಿದ್ದರೆ ಮಾತ್ರ. ಪತ್ರಿಕೆ ಓದುವಾಗ ಹಾಗೆ ಹಿಡಿಯುವವರು ಯಾರು? ಗಾಜು ಕಣ್ಣಿನಿಂದ 20 ಸೆಂ.ಮೀ. ದೂರವಿದ್ದು, ಪ್ರತಿಬಿಂಬ ಕಣ್ಣಿನಿಂದ 25 ಸೆಂ.ಮೀ.ನಲ್ಲೇ ಇರಬೇಕೆಂದರೆ ಅಕ್ಷರ ಗಾಜಿಗೆ 3.3 ಸೆಂ.ಮೀ.ನಷ್ಟು ಹತ್ತಿರವಿರಬೇಕು. ಆಗ ವರ್ಧನೆ ಒಂದೂವರೆಗೆ ಕುಸಿಯುತ್ತದೆ. ಅದೇ ಅಕ್ಷರವನ್ನು ಸಂಗಮದೂರದಲ್ಲಿಟ್ಟರೆ ಕಣ್ಣು ಎಲ್ಲಿದ್ದರೂ ಎರಡೂವರೆ ಕದಲುವುದಿಲ್ಲ. ಅಂದರೆ ಕಣ್ಣಿಗೂ ಗಾಜಿಗೂ ನಡುವಿನ ದೂರ ಸಂಗಮದೂರಕ್ಕಿಂತ ಹೆಚ್ಚಾದರೆ, ಸೋಲಬೇಕಿದ್ದ ಅನಂತದ ಲೆಕ್ಕವೇ ಗೆಲ್ಲುತ್ತದೆ. ಕಣ್ಣು ದೂರವಾದಷ್ಟೂ ಗಾಜಿನೊಳಗೆ ಒಮ್ಮೆಗೆ ಕಾಣುವ ಪದಗಳು ಕಡಿಮೆ ಎನ್ನುವುದೊಂದೇ ನಷ್ಟ.

ವಯಸ್ಸಾದವರಿಗೆ ಆ ಹೆಚ್ಚಿನ ಒಂದು ಹೇಗೂ ದಕ್ಕುವುದಿಲ್ಲ. ಅರವತ್ತರ ಕಣ್ಣಿಗೆ ಬರಿದೇ 25 ಸೆಂ.ಮೀ.ನಲ್ಲಿ ಹಿಡಿತ ಸಿಗದು. ಅನಂತದಲ್ಲಿರುವ ಪ್ರತಿಬಿಂಬವಾದರೋ, ದೂರದೃಷ್ಟಿ ಚೆನ್ನಾಗಿದ್ದರೆ ಅಥವಾ ದೂರದ ಕನ್ನಡಕ ಹಾಕಿದ್ದರೆ, ಶ್ರಮವಿಲ್ಲದೆ ಕಾಣುತ್ತದೆ. ಓದುವ ಕನ್ನಡಕ ಹಾಕಿಕೊಂಡವರಿಗೆ ಮಾತ್ರ ಅದು ಮಸುಕು. ಅವರು ಗಾಜನ್ನು ಕಾಗದಕ್ಕೆ ಕೊಂಚ ಹತ್ತಿರ ತರಬೇಕು.

ಅಂಗಡಿಯಲ್ಲಿ ಗಾಜು ಕೊಳ್ಳುವಾಗ X ಮುಂದಿನ ಅಂಕಿ ನೋಡಿ ಮರುಳಾಗಬೇಡಿ. ದೂರದ ಕಿಟಕಿಯ ಬೆಳಕನ್ನು ಗಾಜಿನಿಂದ ಎದುರು ಗೋಡೆಯ ಮೇಲೆ ಬೀಳಿಸಿ, ಕಿಟಕಿಯ ಚಿತ್ರ ಸ್ಪಷ್ಟವಾದಾಗ ಗಾಜಿಗೂ ಗೋಡೆಗೂ ಇರುವ ದೂರ ಅಳೆಯಿರಿ; ಅದು ಹೆಚ್ಚುಕಡಿಮೆ ಸಂಗಮದೂರ. 25ನ್ನು ಅದರಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನೇ ನಂಬಿ. ಓದುವಾಗ ಗಾಜನ್ನು ಪುಟದ ಮೇಲಿಟ್ಟು ನಿಧಾನವಾಗಿ ಎತ್ತುತ್ತಾ ಹೋಗಿ, ಅಕ್ಷರ ಮಸುಕಾಗುವುದಕ್ಕೆ ತುಸು ಮುಂಚೆ ನಿಲ್ಲಿಸಿ.