ಮಂಡಿ ಎಷ್ಟು ಡಿಗ್ರಿ ಬಾಗಿತು?

ಮಂಡಿ ಕೀಲು ಬದಲಾಯಿಸಿಕೊಂಡವರು ಆರು ವಾರದ ತಪಾಸಣೆಗೆ ಸರ್ಜನ್ ಬಳಿ ಹೋಗುವಾಗ ಫೈಲಿನಲ್ಲಿ ಎಕ್ಸ್‌ರೇ ಜೊತೆಗೆ ಇನ್ನೊಂದು ಹಾಳೆ ಇರುವುದುಂಟು. ಅದು ಫಿಸಿಯೋಥೆರಪಿಸ್ಟ್ ಬರೆದ ಪ್ರಗತಿ ವರದಿ. ಹೊಸ ಕೀಲು ಸರಿಯಾಗಿ ಕೂತಿದೆಯೇ ಎಂಬುದನ್ನು ಎಕ್ಸ್‌ರೇ ತೋರಿಸುತ್ತದೆ. ಆ ಕೀಲಿನಿಂದ ರೋಗಿಗೆ ಏನೇನು ಸಾಧ್ಯವಾಗುತ್ತಿದೆ ಎಂಬುದು ತಿಳಿಯುವುದು ಈ ಹಾಳೆಯಿಂದ.

ಮಾದರಿಗಾಗಿ ಒಂದು ವರದಿ ತೆಗೆದುಕೊಳ್ಳೋಣ. ರೋಗಿಗೆ 66 ವರ್ಷ, ಗೃಹಿಣಿ, ಬದಲಾಗಿದ್ದು ಬಲ ಮಂಡಿ. ವಾಕರ್ ಬಿಟ್ಟು ಕೋಲು ಹಿಡಿದಿದ್ದಾರೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆಗೆ ಎರಡನೇ ವಾರದಲ್ಲಿ 31 ಸೆಕೆಂಡ್ ಹಿಡಿದಿತ್ತು, ಆರನೇ ವಾರಕ್ಕೆ 19. ಇಷ್ಟನ್ನು ಓದಿದರೆ ಎಲ್ಲವೂ ಸರಾಗ ಅನಿಸುತ್ತದೆ. ತೊಡಕು ಇರುವುದು ಅದರ ಕೆಳಗಿನ ಸಾಲುಗಳಲ್ಲಿ.

ಮೊದಲ ಸಾಲು ಕಾಲು ನೇರವಾಗುವುದರ ಬಗ್ಗೆ. ಮನೆಯವರೆಲ್ಲ ಮಂಡಿ ಎಷ್ಟು ಮಡಚುತ್ತದೆ ಎಂದು ಕೇಳುತ್ತಾರೆ. ಸರ್ಜನ್ ಕಣ್ಣು ಮೊದಲು ಹೋಗುವುದು ಅದು ಪೂರ್ತಿ ನೆಟ್ಟಗಾಗುತ್ತದೆಯೇ ಎಂಬುದರ ಕಡೆಗೆ. ಐದು–ಹತ್ತು ಡಿಗ್ರಿ ಬಾಗಿಯೇ ಉಳಿದ ಕಾಲಿನ ಮೇಲೆ ನಿಂತರೆ ತೊಡೆಯ ಸ್ನಾಯುಗಳಿಗೆ ಬಿಡುವೇ ಸಿಗುವುದಿಲ್ಲ, ನಡಿಗೆ ಕುಂಟುತ್ತದೆ. ನೋವು ಕಡಿಮೆಯಾಗಲೆಂದು ಮಂಡಿಯ ಕೆಳಗೆ ದಿಂಬು ಇಟ್ಟು ಮಲಗುವ ಅಭ್ಯಾಸ ಇದಕ್ಕೊಂದು ಸಾಮಾನ್ಯ ಕಾರಣ. ಸುತ್ತಿದ ಟವೆಲ್ ಇರಬೇಕಾದ್ದು ಹಿಮ್ಮಡಿಯ ಕೆಳಗೆ. ಆಗ ಮಂಡಿ ತನ್ನ ಭಾರಕ್ಕೇ ನೇರವಾಗುತ್ತದೆ.

ನಮ್ಮ ವರದಿಯಲ್ಲಿ ಥೆರಪಿಸ್ಟ್ ಕೈಯಿಂದ ಒತ್ತಿದಾಗ ಕಾಲು ಪೂರ್ತಿ ನೇರವಾಗಿದೆ. ರೋಗಿ ತಾವಾಗಿಯೇ ಎತ್ತಿ ಹಿಡಿದಾಗ ಮಾತ್ರ 10 ಡಿಗ್ರಿ ಬಾಗಿ ನಿಂತಿದೆ. ಈ ವ್ಯತ್ಯಾಸಕ್ಕೆ ‘ಎಕ್ಸ್‌ಟೆನ್ಸರ್ ಲ್ಯಾಗ್’ ಎನ್ನುತ್ತಾರೆ. ಕೀಲಿನಲ್ಲಿ ತಡೆಯಿಲ್ಲ, ತೊಡೆಯ ಮುಂಭಾಗದ ಸ್ನಾಯುವಿಗೆ ಇನ್ನೂ ಶಕ್ತಿ ಬಂದಿಲ್ಲ ಎಂಬುದು ಇದರ ಅರ್ಥ. ಇದಕ್ಕೆ ಸರ್ಜನ್ ಮಾಡಬೇಕಾದ್ದು ಸದ್ಯಕ್ಕೆ ಏನೂ ಇಲ್ಲ, ವ್ಯಾಯಾಮ ಹೆಚ್ಚಿಸಿದರೆ ಆಯಿತು.

ಮುಂದಿನ ಸಾಲು ಮಡಚುವಿಕೆಯದು. ಇದನ್ನು ಅಳೆಯುವ ಸಾಧನ ಗೋನಿಯೋಮೀಟರ್: ಎರಡು ಉದ್ದ ಕಡ್ಡಿಗಳಿರುವ ಕೋನಮಾಪಕ. ಅದರ ತಿರುಗಣೆಯನ್ನು ಮಂಡಿಯ ಹೊರಬದಿಗೆ ಇಟ್ಟು, ಒಂದು ಕಡ್ಡಿಯನ್ನು ಸೊಂಟದ ಪಕ್ಕದ ಎಲುಬಿನ ಉಬ್ಬಿನತ್ತ, ಇನ್ನೊಂದನ್ನು ಹೊರಗಿನ ಕಾಲ್ಗಂಟಿನತ್ತ ಹೊಂದಿಸುತ್ತಾರೆ. ಎಷ್ಟೇ ಎಚ್ಚರದಿಂದ ಅಳೆದರೂ ಐದು ಡಿಗ್ರಿಯಷ್ಟು ಆಚೀಚೆ ಆಗಬಹುದು.

ಈ ರೋಗಿಯ ಮಂಡಿ ಎರಡನೇ ವಾರ 75, ನಾಲ್ಕನೇ ವಾರ 85, ಆರನೇ ವಾರ 87 ಡಿಗ್ರಿ ಬಾಗಿದೆ. ಕೊನೆಯ ಎರಡು ಡಿಗ್ರಿ ಅಳತೆಯ ದೋಷದೊಳಗೇ ಬರುವುದರಿಂದ ಅದನ್ನು ಪ್ರಗತಿ ಎನ್ನುವಂತಿಲ್ಲ. ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ 90ರ ಆಸುಪಾಸು, ಆರು ವಾರಕ್ಕೆ 110ರ ಆಸುಪಾಸು ನಿರೀಕ್ಷಿಸುತ್ತಾರೆ. ಶಸ್ತ್ರಚಿಕಿತ್ಸೆಗೆ ಮೊದಲೇ ಮಂಡಿ ಬಿಗಿದಿದ್ದವರಲ್ಲಿ ಇದು ಕಡಿಮೆಯಿರಬಹುದು. ಸಮತಟ್ಟಾದ ನೆಲದಲ್ಲಿ ನಡೆಯಲು 65–70 ಡಿಗ್ರಿ ಸಾಕು, ಹಾಗಾಗಿ ಇವರ ನಡಿಗೆ ಸುಧಾರಿಸಿದೆ. ಮೆಟ್ಟಿಲಿಳಿಯಲು, ತಗ್ಗು ಕುರ್ಚಿಯಿಂದ ಏಳಲು 90ರಿಂದ 105ರಷ್ಟಾದರೂ ಬೇಕು. ಇವರು ಸಿಕ್ಕಿಕೊಂಡಿರುವುದು ಅಲ್ಲೇ.

ಅದಕ್ಕೇ ಥೆರಪಿಸ್ಟ್ ಕೊನೆಯಲ್ಲಿ ಹೀಗೆ ಬರೆದಿದ್ದಾರೆ: “ಎರಡು ವಾರದಿಂದ ಮಡಚುವಿಕೆ ನಿಂತಿದೆ. ಕೊನೆಯಲ್ಲಿ ಗಟ್ಟಿ ತಡೆ ಸಿಗುತ್ತಿದೆ. ಗಾಯ ಒಣಗಿದೆ, ಜ್ವರವಿಲ್ಲ. ರೋಗಿ ವ್ಯಾಯಾಮ ತಪ್ಪಿಸಿಲ್ಲ. ದಯವಿಟ್ಟು ಪರಿಶೀಲಿಸಿ.” ‘ಗಟ್ಟಿ ತಡೆ’ ಎಂಬುದು ಇಲ್ಲಿ ಮುಖ್ಯ. ನೋವಿನ ಭಯಕ್ಕೆ ರೋಗಿ ಕಾಲು ಬಿಗಿಹಿಡಿದರೆ ಸಿಗುವ ತಡೆಯೇ ಬೇರೆ, ಕೀಲಿನೊಳಗೆ ಗಾಯದ ಅಂಗಾಂಶ ಬೆಳೆದು ಅಂಟಿಕೊಂಡಾಗ ಸಿಗುವ ತಡೆಯೇ ಬೇರೆ.

ಸರ್ಜನ್ ಮೊದಲು ಸೋಂಕಿಲ್ಲ, ಕೀಲು ಕೂತ ರೀತಿಯಲ್ಲಿ ದೋಷವಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಆಮೇಲೆ ಅರಿವಳಿಕೆ ಕೊಟ್ಟು, ಕೊಯ್ಯದೆಯೇ ಮಂಡಿಯನ್ನು ಮಡಚಿ ಅಂಟು ಬಿಡಿಸುವ ದಾರಿಯಿದೆ. ಶಸ್ತ್ರಚಿಕಿತ್ಸೆಯಾದ ಸುಮಾರು ಹನ್ನೆರಡು ವಾರದೊಳಗೆ ಮಾಡಿದರೆ ಇದರ ಫಲ ಚೆನ್ನಾಗಿರುತ್ತದೆ; ತಡವಾದಷ್ಟೂ ಅಂಗಾಂಶ ಗಟ್ಟಿಯಾಗುತ್ತದೆ, ಮಡಚುವಾಗ ಮೂಳೆ ಮುರಿಯುವ ಅಪಾಯವೂ ಇದೆ. ಬಿಡಿಸಿದ ದಿನದಿಂದಲೇ ಫಿಸಿಯೋಥೆರಪಿ ಶುರುವಾಗದಿದ್ದರೆ ಸಿಕ್ಕ ಡಿಗ್ರಿಗಳು ಮತ್ತೆ ಕೈತಪ್ಪುತ್ತವೆ.

ಕೆಲವು ಲಕ್ಷಣಗಳು ಮಾತ್ರ ವರದಿಯ ಸರದಿ ಕಾಯುವಂಥವಲ್ಲ. ಮೀನಖಂಡ ಊದಿ ನೋಯುವುದು, ಗಾಯದಿಂದ ಕೀವು ಅಥವಾ ನೀರು ಸೋರುವುದು, ಜ್ವರ ಕಂಡರೆ ಅಂದೇ ಸರ್ಜನ್‌ಗೆ ಫೋನ್ ಹೋಗಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ನೇರ ತುರ್ತು ಚಿಕಿತ್ಸಾ ಘಟಕಕ್ಕೆ.

ನಮ್ಮ ಮಾದರಿಯ ರೋಗಿಗೆ ಎಂಟನೇ ವಾರ ಮಂಡಿ ಬಿಡಿಸಲಾಯಿತು ಎಂದಿಟ್ಟುಕೊಂಡರೆ, ಹನ್ನೆರಡನೇ ವಾರದ ವರದಿ ಹೀಗಿರಬಹುದು: ಮಡಚುವಿಕೆ 104 ಡಿಗ್ರಿ, ಲ್ಯಾಗ್ 10ರಿಂದ 5ಕ್ಕೆ ಇಳಿದಿದೆ, ಕುರ್ಚಿಯಿಂದ ಕೈ ಊರದೆ ಏಳುತ್ತಾರೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು, ಕುಕ್ಕರಗಾಲಲ್ಲಿ ಕೂರುವುದು ಬೇಡ. ಮನೆಯಲ್ಲಿ ಕಮೋಡ್ ಹಾಕಿಸಲಾಗಿದೆ. ಲ್ಯಾಗ್ ಪೂರ್ತಿ ಹೋಗುವವರೆಗೆ ಮೆಟ್ಟಿಲಿಳಿಯುವಾಗ ಕಟಕಟೆ ಹಿಡಿದೇ ಇಳಿಯಬೇಕು, ಮೊದಲು ಕೆಳಗಿಡುವುದು ಬಲಗಾಲು.