ಗ್ಯಾಸ್ ಮಾತ್ರೆ ನಿಲ್ಲಿಸಿದ ಕೂಡಲೇ ಎದೆಯುರಿ ಯಾಕೆ ಜಾಸ್ತಿ ಆಗತ್ತೆ? ನಿಧಾನವಾಗಿ ಬಿಡೋದು ಹೇಗೆ?

ಇವತ್ತಿನ ವಿಷಯ ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಳ್ಳೋ ಆ ಒಂದು ಮಾತ್ರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಅಂತ ಹೆಸರು ಬೇರೆ ಬೇರೆ ಇರಬಹುದು, ಆದ್ರೆ ಎಲ್ಲಾ ಒಂದೇ ಜಾತಿ. ನಾವು ಇದನ್ನ "ಗ್ಯಾಸ್ ಮಾತ್ರೆ" ಅಂತೀವಿ. ನಿಜವಾಗಿ ಇದು ಗ್ಯಾಸಿಗೆ ಏನೂ ಮಾಡಲ್ಲ. ಹೊಟ್ಟೆಯ ಗೋಡೆಯಲ್ಲಿ ಆಮ್ಲ ಹೊರಹಾಕೋ ಸಣ್ಣ ಸಣ್ಣ ಪಂಪುಗಳಿವೆ, ಅವನ್ನ ಮುಚ್ಚತ್ತೆ, ಅಷ್ಟೇ.

ಪುಣೆಯಲ್ಲಿರೋ ನಮ್ಮ ಕನ್ನಡದವರ ಒಂದು ಉದಾಹರಣೆ ತಗೊಳ್ಳೋಣ. ಧಾರವಾಡದ ಕಡೆಯವರು, ವಯಸ್ಸು 54, ಕೋಥ್ರೂಡ್‌ನಲ್ಲಿ ಮನೆ. ನಾಲ್ಕು ವರ್ಷದ ಹಿಂದೆ ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ಬರೆದುಕೊಟ್ರು. ಹೊಟ್ಟೆಗೆ ತೊಂದರೆ ಆಗಬಾರದು ಅಂತ ಜೊತೆಗೆ ಪ್ಯಾಂಟೊಪ್ರಜೋಲ್ 40 ಕೊಟ್ರು, ಹತ್ತು ದಿನಕ್ಕೆ. ನೋವಿನ ಮಾತ್ರೆ ಹತ್ತು ದಿನಕ್ಕೆ ಮುಗೀತು. ಗ್ಯಾಸ್ ಮಾತ್ರೆ ಮಾತ್ರ ನಾಲ್ಕು ವರ್ಷ ಮುಂದುವರೀತು. ಯಾಕೆ? ಬಿಟ್ಟಾಗೆಲ್ಲ ಮೂರು-ನಾಲ್ಕು ದಿನಕ್ಕೆ ಎದೆಯಲ್ಲಿ ಉರಿ ಶುರು. "ಪಿತ್ತ ಮತ್ತೆ ಕೆರಳಿತು, ನನಗೆ ಈ ಮಾತ್ರೆ ಇಲ್ಲದೆ ಆಗಲ್ಲ" ಅಂತ ಮತ್ತೆ ನುಂಗೋದು.

ಆ ಉರಿ ಎಲ್ಲಿಂದ ಬರತ್ತೆ?

ಆಮ್ಲ ಕಡಿಮೆ ಆದಾಗ ಹೊಟ್ಟೆ ಸುಮ್ಮನೆ ಕೂರಲ್ಲ. "ಆಮ್ಲ ಸಾಲ್ತಿಲ್ಲ, ಇನ್ನೂ ಮಾಡಿ" ಅಂತ ಹೇಳೋ ಗ್ಯಾಸ್ಟ್ರಿನ್ ಅನ್ನೋ ಹಾರ್ಮೋನು ಏರತ್ತೆ. ತಿಂಗಳುಗಟ್ಟಲೆ ಅದು ಏರಿಯೇ ಇದ್ರೆ, ಆಮ್ಲ ಮಾಡಿಸೋ ಜೀವಕೋಶಗಳೂ ಬೆಳೀತವೆ. ಮಾತ್ರೆ ಇರೋ ತನಕ ಪಂಪು ಮುಚ್ಚಿರತ್ತೆ, ಏನೂ ಗೊತ್ತಾಗಲ್ಲ. ಒಂದು ದಿನ ಥಟ್ಟನೆ ಮಾತ್ರೆ ನಿಲ್ಲಿಸಿದ್ರೆ ಪಂಪು ತೆರೀತವೆ, ಆದ್ರೆ ಬೆಳೆದ ಕೋಶಗಳು ಹಾಗೇ ಇರ್ತವೆ. ಹಾಗಾಗಿ ಕೆಲವು ವಾರ ಮೊದಲಿಗಿಂತಲೂ ಹೆಚ್ಚು ಆಮ್ಲ ಬರತ್ತೆ.

ಇದು ಬರೀ ಊಹೆ ಅಲ್ಲ. 2009ರಲ್ಲಿ ಡೆನ್ಮಾರ್ಕಿನ ವೈದ್ಯರು ಎದೆಯುರಿಯೇ ಇಲ್ಲದ 120 ಆರೋಗ್ಯವಂತರನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಎಂಟು ವಾರ ಇದೇ ಜಾತಿಯ ಮಾತ್ರೆ, ಇನ್ನೊಂದಕ್ಕೆ ಬರೀ ತೋರಿಕೆಯ ಮಾತ್ರೆ. ನಿಲ್ಲಿಸಿದ ಮೇಲಿನ ನಾಲ್ಕು ವಾರದಲ್ಲಿ ನಿಜವಾದ ಮಾತ್ರೆ ತಗೊಂಡವರಲ್ಲಿ 44% ಜನರಿಗೆ ಎದೆಯುರಿ, ಹುಳಿತೇಗಿನಂಥ ತೊಂದರೆ ಬಂತು. ಇನ್ನೊಂದು ಗುಂಪಿನಲ್ಲಿ 15% ಮಾತ್ರ. ಅಂದ್ರೆ ರೋಗವೇ ಇಲ್ಲದವರಿಗೂ ಉರಿ ಬಂದಿದೆ. ಹಾಗಾಗಿ ಬಿಟ್ಟ ಕೂಡಲೇ ಬರೋ ಉರಿ ಒಂದನ್ನೇ ನೋಡಿ "ರೋಗ ಹೋಗಿಲ್ಲ" ಅಂತ ತೀರ್ಮಾನ ಮಾಡೋ ಹಾಗಿಲ್ಲ.

ಯಾರು ಬಿಡಬಾರದು?

ಇದು ಮೊದಲ ಪ್ರಶ್ನೆ. ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ತಗೊಳ್ಳೋ ಹೃದ್ರೋಗಿಗಳು, ರಕ್ತ ತೆಳು ಮಾಡೋ ಮಾತ್ರೆ ಇರೋರು, ದಿನಾ ನೋವಿನ ಮಾತ್ರೆ ನುಂಗಲೇಬೇಕಾದ ವಯಸ್ಸಾದವರು, ಹಿಂದೆ ಅಲ್ಸರ್‌ನಿಂದ ರಕ್ತಸ್ರಾವ ಆಗಿದ್ದವರು: ಇವರಿಗೆ ಈ ಮಾತ್ರೆ ಹೊಟ್ಟೆಯನ್ನ ಕಾಯೋ ಬೇಲಿ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ತೀವ್ರ ಹುಣ್ಣು, ಅನ್ನನಾಳ ಕಿರಿದಾಗಿರೋದು ಅಥವಾ ಬ್ಯಾರೆಟ್ಸ್ ಅಂತ ಬಂದಿದ್ರೂ ಬಿಡಬಾರದು. ಇಂಥವರು ಈ ಮಾತು ಕೇಳಿ ಮಾತ್ರೆ ನಿಲ್ಲಿಸಬೇಡಿ. ರಕ್ತಸ್ರಾವ ಎದೆಯುರಿಗಿಂತ ಬಹಳ ದೊಡ್ಡ ಅಪಾಯ.

ನಮ್ಮ ಕೋಥ್ರೂಡ್‌ನವರಿಗೆ ಇದ್ಯಾವುದೂ ಇಲ್ಲ. ಶುರು ಮಾಡಿದ ಕಾರಣ ನಾಲ್ಕು ವರ್ಷದ ಹಿಂದೆಯೇ ಮುಗಿದಿದೆ. ಸಾಮಾನ್ಯ ಎದೆಯುರಿಗೆ ಆದ್ರೂ ನಾಲ್ಕರಿಂದ ಎಂಟು ವಾರದ ಕೋರ್ಸ್ ಸಾಕು, ಆಮೇಲೆ "ಇನ್ನೂ ಬೇಕಾ?" ಅಂತ ಡಾಕ್ಟರ್ ಹತ್ರ ಕೇಳಬೇಕು.

ತಗೊಳ್ತಾ ಇದ್ರೆ ಏನು ನಷ್ಟ?

ತುಂಬಾ ಭಯಪಡಿಸೋ ಪಟ್ಟಿಗಳು ಓಡಾಡ್ತವೆ. ನಾನು ಒಂದೇ ಹೇಳ್ತೀನಿ, ಯಾಕಂದ್ರೆ ಅದು ಪುಣೆಗೆ ಸಂಬಂಧಪಟ್ಟಿದ್ದು. ಹಾಲು, ಮೊಟ್ಟೆ, ಮಾಂಸದಲ್ಲಿರೋ ಬಿ12 ಪ್ರೋಟೀನಿಗೆ ಅಂಟಿಕೊಂಡಿರತ್ತೆ, ಅದನ್ನ ಬಿಡಿಸೋಕೆ ಆಮ್ಲ ಬೇಕು. 2006ರಲ್ಲಿ ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಜೊತೆಗಾರರು ಪುಣೆ ಮತ್ತು ಸುತ್ತಲಿನ ಹಳ್ಳಿಗಳ 441 ಮಧ್ಯವಯಸ್ಸಿನ ಗಂಡಸರ ರಕ್ತ ನೋಡಿದ ವರದಿ ಪ್ರಕಟಿಸಿದ್ರು: 67% ಜನರಲ್ಲಿ ಬಿ12 ಕಡಿಮೆ, ನಗರದ ಮಧ್ಯಮ ವರ್ಗದಲ್ಲಿ 81%. ಮೊದಲೇ ಇಷ್ಟು ಖಾಲಿ ಇರೋ ಕಡೆ ವರ್ಷಗಟ್ಟಲೆ ಆಮ್ಲ ನಿಲ್ಲಿಸಿದ್ರೆ? ಸಸ್ಯಾಹಾರಿ, ಮೇಲೆ ಶುಗರ್‌ಗೆ ಮೆಟ್ಫಾರ್ಮಿನ್ ಬೇರೆ (ಅದೂ ಬಿ12 ಇಳಿಸತ್ತೆ) ಅಂದ್ರೆ ಒಂದರ ಮೇಲೊಂದು. ಪಾದದಲ್ಲಿ ಜುಮ್ಮು, ಸುಸ್ತು, ಮರೆವು ಇದ್ರೆ ಪರೀಕ್ಷೆ ಮಾಡಿಸಿ. ಸಮಾಧಾನದ ವಿಷಯ ಏನಂದ್ರೆ, ಮಾತ್ರೆಯಲ್ಲಿರೋ ಬಿ12 ಬಿಡಿಯಾಗಿಯೇ ಇರೋದ್ರಿಂದ ಅದನ್ನ ಬಿಡಿಸೋಕೆ ಆಮ್ಲ ಬೇಕಿಲ್ಲ.

ಇಳಿಸೋ ಕ್ರಮ

ಡಾಕ್ಟರ್ ಒಪ್ಪಿದ ಮೇಲೆ ನಮ್ಮ ಉದಾಹರಣೆಯವರ ಕ್ರಮ ಹೀಗಿರತ್ತೆ.

1. ಮೊದಲ 4 ವಾರ: 40ರ ಬದಲು 20 ಮಿಲಿಗ್ರಾಂ, ತಿಂಡಿಗೆ ಅರ್ಧ ಗಂಟೆ ಮೊದಲು. 40ರ ಮಾತ್ರೆಯನ್ನ ಎರಡು ತುಂಡು ಮಾಡಬೇಡಿ. ಅದರ ಮೇಲಿನ ಪದರ ಒಡೆದ್ರೆ ಔಷಧಿ ಹೊಟ್ಟೆಯ ಆಮ್ಲದಲ್ಲೇ ಹಾಳಾಗತ್ತೆ. ಅಂಗಡಿಯಲ್ಲಿ 20ರದ್ದೇ ಕೇಳಿ.
2. ಮುಂದಿನ 2 ವಾರ: ಅದೇ 20, ದಿನ ಬಿಟ್ಟು ದಿನ.
3. ಆಮೇಲೆ ನಿಲ್ಲಿಸೋದು. ಉರಿ ಬಂದಾಗ ಮಾತ್ರ ಎರಡು ಚಮಚ ಆಂಟಾಸಿಡ್ ಸಿರಪ್. ಸಾಲದಿದ್ರೆ ಡಾಕ್ಟರ್ ಹೇಳಿದ ಹಾಗೆ ರಾತ್ರಿ ಫ್ಯಾಮೊಟಿಡಿನ್ 20. ಕಿಡ್ನಿ ತೊಂದರೆ ಇರೋರು ಇವೆರಡನ್ನೂ ತಾವಾಗೇ ತಗೋಬಾರದು. ಥೈರಾಯ್ಡ್ ಅಥವಾ ಕಬ್ಬಿಣದ ಮಾತ್ರೆ ಇದ್ರೆ ಸಿರಪ್‌ಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇಡಿ.

ಒಮ್ಮೆಲೇ ಬಿಟ್ರೂ ನಡೆಯತ್ತೆ ಅಂತ ಅಮೆರಿಕದ ಜೀರ್ಣಾಂಗ ತಜ್ಞರ ಸಂಘ 2022ರಲ್ಲಿ ಹೇಳಿದೆ. ಆದ್ರೆ ವರ್ಷಗಟ್ಟಲೆ ತಗೊಂಡವರು ಮೆಟ್ಟಿಲಿಳಿದ ಹಾಗೆ ಇಳಿದ್ರೆ ನಡುವೆ ಸೋತು ಮತ್ತೆ ಶುರು ಮಾಡೋ ಸಂಭವ ಕಡಿಮೆ ಅಂತ ನನ್ನ ಅಭಿಪ್ರಾಯ.

ಇದೇ ಹೊತ್ತಿಗೆ ಊಟದ ಸಮಯ ಬದಲಾಗಬೇಕು. ಕೆಲಸ ಮುಗಿಸಿ ಟ್ರಾಫಿಕ್ಕಲ್ಲಿ ಸಿಕ್ಕಿ ಹತ್ತೂವರೆಗೆ ಉಂಡು ಹನ್ನೊಂದಕ್ಕೆ ಮಲಗಿದ್ರೆ ಯಾವ ಕ್ರಮವೂ ನಿಲ್ಲಲ್ಲ. ಊಟಕ್ಕೂ ನಿದ್ದೆಗೂ ಮೂರು ಗಂಟೆ ಇರಲಿ. ಮಂಚದ ತಲೆಕಡೆ ಕಾಲಿನ ಕೆಳಗೆ ಆರು ಇಂಚಿನ ಮರದ ತುಂಡು ಇಡಿ. ಎರಡು ದಿಂಬು ಇಟ್ರೆ ಕತ್ತು ಮಾತ್ರ ಬಾಗತ್ತೆ, ಪ್ರಯೋಜನ ಇಲ್ಲ.

ಹಳೇ ರೋಗವೋ, ಬಿಟ್ಟದ್ದರ ಉರಿಯೋ?

ಬಿಟ್ಟದ್ದರ ಉರಿ ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ ಶುರುವಾಗಿ ವಾರದಿಂದ ವಾರಕ್ಕೆ ಇಳೀತಾ ಹೋಗತ್ತೆ. ಕ್ಯಾಲೆಂಡರ್ ಮೇಲೆ ಉರಿ ಬಂದ ದಿನ ಒಂದು ಗೀಟು ಹಾಕಿ. ಮೊದಲ ವಾರ ಆರು ಗೀಟು, ನಾಲ್ಕನೇ ವಾರ ಎರಡು ಅಂದ್ರೆ ಸರಿಯಾದ ದಾರಿ. ಎರಡು ತಿಂಗಳಾದ್ರೂ ಗೀಟು ಕಡಿಮೆ ಆಗದಿದ್ರೆ ನಿಮಗೆ ನಿಜವಾಗಿ ಮಾತ್ರೆ ಬೇಕಿರಬಹುದು. ಆಗ ಡಾಕ್ಟರ್ ಹತ್ರ ಹೋಗಿ, ಎಂಡೋಸ್ಕೋಪಿ ಬೇಕಾಗಬಹುದು, ಕೊನೆಗೆ ಕಡಿಮೆ ಡೋಸಿನಲ್ಲಿ ಮುಂದುವರಿಸಬೇಕಾಗಬಹುದು. ಅದು ಸೋಲಲ್ಲ.

ನುಂಗೋವಾಗ ಸಿಕ್ಕಿಕೊಳ್ಳೋದು, ಕಪ್ಪು ಮಲ, ರಕ್ತವಾಂತಿ, ಕಾರಣ ಇಲ್ಲದೆ ತೂಕ ಇಳಿಯೋದು, ಇವಿದ್ರೆ ಗೀಟು ಎಣಿಸ್ತಾ ಕೂರಬೇಡಿ, ತಕ್ಷಣ ತೋರಿಸಿ. ನಡೆದಾಗ ಬರೋ ಎದೆಯುರಿ, ಬೆವರು, ಎಡಗೈ ಅಥವಾ ದವಡೆಗೆ ಹರಿಯೋ ನೋವು ಇದ್ರೆ ಅದನ್ನ ಪಿತ್ತ ಅಂದುಕೊಳ್ಳಬೇಡಿ. ಸಿರಪ್ ಕುಡೀತಾ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಮನೆಗೆ ಹೋಗಿ ನಿಮ್ಮ ಹಳೇ ಚೀಟಿ ತೆಗೆದು ನೋಡಿ: ಈ ಮಾತ್ರೆಯನ್ನ ಯಾವ ಕಾರಣಕ್ಕೆ, ಎಷ್ಟು ದಿನಕ್ಕೆ ಬರೆದಿದ್ರು? ಆ ಚೀಟಿ ಹಿಡ್ಕೊಂಡೇ ಡಾಕ್ಟರ್ ಹತ್ರ ಹೋಗಿ.