ಗಾಡಿ ಸರ್ವೀಸ್‌ನ ಲೆಕ್ಕದ ಹಾಳೆ: ಐದು ತಪ್ಪು ಕಲ್ಪನೆ, ಐದು ಸತ್ಯ

ಸರ್ವೀಸ್ ಮಾಡಿಸಿದ ದಿನ, ಮೀಟರ್ ರೀಡಿಂಗ್, ಮುಂದಿನ ಸರ್ವೀಸ್ ಯಾವಾಗ ಎಂಬುದನ್ನೆಲ್ಲ ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಡುವವರು ಈಗ ಬಹಳ ಮಂದಿ. ಬರೆದಿಡುವುದು ಸುಲಭ. ಸರಿಯಾದ ದಿನಕ್ಕೆ ಅದು ನಮ್ಮನ್ನು ಎಚ್ಚರಿಸುವಂತೆ ಮಾಡುವುದು ಅಷ್ಟು ಸುಲಭವಲ್ಲ. ಹಾಳೆ ಎಡವುವುದು ಹೆಚ್ಚಾಗಿ ಈ ಐದು ಕಡೆ.

ತಪ್ಪು ಕಲ್ಪನೆ 1: ಗಾಡಿ ಓಡದಿದ್ದರೆ ಸರ್ವೀಸ್ ಬೇಕಿಲ್ಲ. ಕಿಲೋಮೀಟರ್ ಲೆಕ್ಕ ಒಂದಿದ್ದರೆ ಸಾಕು.

ಸತ್ಯ: ಗಾಡಿಯ ಜೊತೆ ಕೊಡುವ ಮ್ಯಾನ್ಯುಯಲ್‌ನಲ್ಲಿ ಬಹುತೇಕ ಕೆಲಸಗಳಿಗೆ ಎರಡು ಮಿತಿ ಇರುತ್ತವೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು. ತಿಂಗಳ ಮಿತಿಗೆ ಕಾರಣವಿದೆ. ಬ್ರೇಕ್ ಆಯಿಲ್ ನಿಂತ ಗಾಡಿಯಲ್ಲೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಅದೇ ದರ್ಜೆಗೆ ಇರುವ ಕನಿಷ್ಠ ಮಿತಿ 155 ಡಿಗ್ರಿ. ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಎಂಜಿನ್ ಆಯಿಲ್‌ಗೂ ಇಂಥದೇ ಪಾಡು. ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಆಯಿಲ್‌ನೊಳಗೆ ಸೇರಿದ ನೀರು ಆವಿಯಾಗಿ ಹೋಗುವುದೂ ಇಲ್ಲ.

ಮಾರ್ಕೆಟ್‌ಗೆ ಮಾತ್ರ ಹೋಗಿಬರುವ, ದಿನಕ್ಕೆ 3 ಕಿ.ಮೀ. ಓಡುವ ಸ್ಕೂಟರ್ ಆರು ತಿಂಗಳಲ್ಲಿ ಸುಮಾರು 540 ಕಿ.ಮೀ. ದಾಟುತ್ತದೆ. ಅದರ ಮಿತಿ 5,000 ಕಿ.ಮೀ. ಅಥವಾ 6 ತಿಂಗಳು ಎಂದಿದ್ದರೆ, ಕಿಲೋಮೀಟರನ್ನಷ್ಟೇ ನೋಡುವ ಹಾಳೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬಾಯಿ ಬಿಡುವುದಿಲ್ಲ.

ತಪ್ಪು ಕಲ್ಪನೆ 2: ಗಾಡಿ ಕೊಂಡಾಗಿನಿಂದ ಇವತ್ತಿನವರೆಗಿನ ಸರಾಸರಿ ಓಟ ಹಾಕಿಕೊಂಡರೆ ದಿನಾಂಕ ಸಿಗುತ್ತದೆ.

ಸತ್ಯ: ಕಿಲೋಮೀಟರ್ ಮಿತಿಯನ್ನು ದಿನಾಂಕಕ್ಕೆ ತಿರುಗಿಸಲು ಸರಾಸರಿ ಬೇಕೇ ಬೇಕು. ಆದರೆ ಅದು ಈಚಿನ ಮೂರು ತಿಂಗಳ ಸರಾಸರಿ ಆಗಿರಬೇಕು. ಒಂದು ಕಾರನ್ನು ತೆಗೆದುಕೊಳ್ಳಿ. 2025ರ ಫೆಬ್ರವರಿ 10ರಂದು 42,300 ಕಿ.ಮೀ.ಗೆ ಆಯಿಲ್ ಬದಲಾಗಿದೆ. ಮಿತಿ 10,000 ಕಿ.ಮೀ. ಅಥವಾ 12 ತಿಂಗಳು. ಅಂದರೆ ಮುಂದಿನ ಬದಲಾವಣೆ 52,300 ಕಿ.ಮೀ.ಗೆ ಅಥವಾ 2026ರ ಫೆಬ್ರವರಿ 10ಕ್ಕೆ.

ಜುಲೈ 1ರಂದು ಮೀಟರ್ 46,900 ತೋರಿಸುತ್ತಿತ್ತು, ಸೆಪ್ಟೆಂಬರ್ 29ರಂದು 50,500. ತೊಂಬತ್ತು ದಿನಕ್ಕೆ 3,600 ಕಿ.ಮೀ., ದಿನಕ್ಕೆ 40. ಉಳಿದಿರುವ 1,800 ಕಿ.ಮೀ.ಗೆ 45 ದಿನ ಸಾಕು, ಹಾಗಾಗಿ ಗಡುವು ನವೆಂಬರ್ 13. ಫೆಬ್ರವರಿಗಿಂತ ಇದು ಮೊದಲು ಬರುವುದರಿಂದ ಇದೇ ನಿಜವಾದ ಗಡುವು. ಇದೇ ಕಾರಿಗೆ ಆರು ವರ್ಷ ವಯಸ್ಸಾಗಿದ್ದು, ಒಟ್ಟು ಸರಾಸರಿ ಹಿಡಿದರೆ ದಿನಕ್ಕೆ 23 ಕಿ.ಮೀ. ಆಗುತ್ತದೆ. ಆಗ ಹಾಳೆ ಡಿಸೆಂಬರ್ 16 ಎನ್ನುತ್ತದೆ. ಅಷ್ಟರಲ್ಲಿ ಗಾಡಿ ಮಿತಿ ಮೀರಿ 1,300 ಕಿ.ಮೀ.ಗೂ ಹೆಚ್ಚು ಓಡಿರುತ್ತದೆ.

ತಪ್ಪು ಕಲ್ಪನೆ 3: ಉಳಿದ ದಿನಗಳನ್ನು ಇವತ್ತಿನ ದಿನಾಂಕಕ್ಕೆ ಕೂಡಿದರಾಯಿತು.

ಸತ್ಯ: ಹೆಚ್ಚಿನ ಹಾಳೆಗಳು ಕೆಡುವುದು ಇಲ್ಲೇ. ಉಳಿದ ದಿನಗಳನ್ನು ಕೂಡಬೇಕಾದದ್ದು ಕೊನೆಯ ರೀಡಿಂಗ್ ತೆಗೆದ ದಿನಕ್ಕೆ. `TODAY()`ಗೆ ಕೂಡಿದರೆ, ಹೊಸ ರೀಡಿಂಗ್ ಹಾಕದ ತನಕ ಗಡುವು ದಿನಕ್ಕೊಂದು ದಿನ ಮುಂದೆ ಸರಿಯುತ್ತದೆ. ಮೇಲಿನ ಕಾರಿನ ಹಾಳೆಯನ್ನು ಅಕ್ಟೋಬರ್ 29ಕ್ಕೆ ತೆರೆದರೆ ಆಗಲೂ ‘ಇನ್ನು 45 ದಿನ’ ಎಂದೇ ಇರುತ್ತದೆ, ಗಡುವು ಡಿಸೆಂಬರ್ 13ಕ್ಕೆ ಹೋಗಿರುತ್ತದೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ಹಾಗೆ, ಆ ದಿನ ಬರುವುದೇ ಇಲ್ಲ.

ತಪ್ಪು ಕಲ್ಪನೆ 4: ಅನ್ವಯಿಸದ ಮಿತಿಯನ್ನು ಖಾಲಿ ಬಿಟ್ಟರೆ ಹಾಳೆ ತಾನೇ ಅರ್ಥ ಮಾಡಿಕೊಳ್ಳುತ್ತದೆ.

ಸತ್ಯ: ವಿಮೆ, ಎಮಿಷನ್ ಟೆಸ್ಟ್ ಇವಕ್ಕೆ ದಿನಾಂಕ ಮಾತ್ರ ಉಂಟು, ಕಿಲೋಮೀಟರ್ ಇಲ್ಲ. ಖಾಲಿ ಸೆಲ್ಲನ್ನು ಹಾಳೆ ಸೊನ್ನೆ ಎಂದು ಓದುತ್ತದೆ. ಸೊನ್ನೆ ಕಿ.ಮೀ. ಮಿತಿ ಎಂದರೆ ಕೆಲಸ ಮಾಡಿಸಿದಾಗಿನ ಮೀಟರ್ ರೀಡಿಂಗ್‌ಗೇ ಗಡುವು, ಹಾಗಾಗಿ ಆ ಸಾಲು ಸದಾ ಬಾಕಿ ಎಂದೇ ತೋರಿಸುತ್ತದೆ. ಗಾಡಿ ಮೂರು ತಿಂಗಳು ನಿಂತಿದ್ದರೆ ದಿನದ ಸರಾಸರಿಯೂ ಸೊನ್ನೆಯಾಗಿ, ಅದರಿಂದ ಭಾಗಿಸಲು ಹೋಗಿ `#DIV/0!` ಬರುತ್ತದೆ. ಆದ್ದರಿಂದ ಎರಡು ಗಡುವುಗಳನ್ನು ಬೇರೆ ಬೇರೆ ಕಾಲಂನಲ್ಲಿ ಲೆಕ್ಕ ಹಾಕಿ, ಮೊದಲು ಬರುವುದನ್ನು ಮೂರನೆಯದರಲ್ಲಿ ಆರಿಸಬೇಕು.

ಪ್ರತಿ ಕೆಲಸಕ್ಕೆ ಒಂದು ಸಾಲು. A ಕಾಲಂನಲ್ಲಿ ಕೆಲಸದ ಹೆಸರು, B ಮಾಡಿಸಿದ ದಿನ, C ಆಗಿನ ಕಿ.ಮೀ., D ತಿಂಗಳ ಮಿತಿ, E ಕಿ.ಮೀ. ಮಿತಿ, F ಕೊನೆಯ ರೀಡಿಂಗ್, G ಅದನ್ನು ತೆಗೆದ ದಿನ, H ದಿನದ ಸರಾಸರಿ. ಆಮೇಲೆ I2, J2, K2 ಸೆಲ್‌ಗಳಲ್ಲಿ ಕ್ರಮವಾಗಿ ಇವನ್ನು ಹಾಕಿ:

```
=IF(D2="","",EDATE(B2,D2))
=IF(OR(E2="",H2<=0),"",G2+(C2+E2-F2)/H2)
=MIN(I2:J2)
```

`EDATE` ತಿಂಗಳನ್ನು ಕ್ಯಾಲೆಂಡರ್ ಪ್ರಕಾರವೇ ಎಣಿಸುತ್ತದೆ, ಮೂವತ್ತು ದಿನಕ್ಕೊಂದು ತಿಂಗಳೆಂದು ಗುಣಿಸುವ ಗೋಜಿಲ್ಲ. `MIN` ಖಾಲಿ ಇರುವ ಗಡುವನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಗೂಗಲ್ ಶೀಟ್ಸ್‌ನ K ಕಾಲಂನಲ್ಲಿ 1899ನೇ ಇಸವಿಯ ದಿನಾಂಕ ಕಂಡರೆ ಗಾಬರಿ ಬೇಡ. ಎರಡೂ ಗಡುವು ಖಾಲಿ ಇವೆ, ಆ ಸಾಲನ್ನು ಪೂರ್ತಿ ತುಂಬಿಲ್ಲ ಅಥವಾ ದಿನದ ಸರಾಸರಿ ಸೊನ್ನೆ ಇದೆ ಎಂದಷ್ಟೇ ಅದರ ಅರ್ಥ.

ತಪ್ಪು ಕಲ್ಪನೆ 5: ಗಡುವು ಬಂದಾಗ ಸೆಲ್ ಕೆಂಪಾಗುವಂತೆ ಮಾಡಿದರೆ ಎಚ್ಚರಿಕೆಯ ಕೆಲಸ ಮುಗಿಯಿತು.

ಸತ್ಯ: ಬಣ್ಣ ಕಾಣುವುದು ಹಾಳೆ ತೆರೆದವರಿಗೆ ಮಾತ್ರ. ಮರೆತವರು ಹಾಳೆಯನ್ನೂ ತೆರೆಯುವುದಿಲ್ಲ. ಎಚ್ಚರಿಕೆ ಹಾಳೆಯಿಂದ ಹೊರಗೆ ಬಂದು ನಮ್ಮನ್ನು ತಲುಪಬೇಕು. ಗೂಗಲ್ ಶೀಟ್ಸ್‌ನಲ್ಲಿ ಆ್ಯಪ್ಸ್ ಸ್ಕ್ರಿಪ್ಟ್ ಬರೆದು, ದಿನಕ್ಕೊಮ್ಮೆ ತಾನಾಗಿ ಓಡುವ ಟ್ರಿಗರ್ ಇಟ್ಟರೆ `MailApp.sendEmail` ಮೂಲಕ ಮೇಲ್ ಬರುತ್ತದೆ. ಅದು ಬೇಡವೆಂದರೆ K ಕಾಲಂನ ದಿನಾಂಕವನ್ನು ಫೋನಿನ ಕ್ಯಾಲೆಂಡರ್‌ಗೆ ಹಾಕಿಕೊಳ್ಳಬಹುದು, ಆದರೆ ಹೊಸ ರೀಡಿಂಗ್ ಬರೆದಾಗಲೆಲ್ಲ ಅದನ್ನೂ ತಿದ್ದಬೇಕು.

ಸ್ಕ್ರಿಪ್ಟ್‌ನಲ್ಲಿ ‘ಸರಿಯಾಗಿ 15 ದಿನ ಉಳಿದಾಗ’ ಎಂಬ ಷರತ್ತು ಹಾಕಬೇಡಿ. ಹೊಸ ರೀಡಿಂಗ್ ಬಂದಾಗ ಗಡುವು 18 ದಿನದಿಂದ ಒಮ್ಮೆಲೇ 11ಕ್ಕೆ ಇಳಿದರೆ ಆ 15 ಬರುವುದೇ ಇಲ್ಲ. ‘15 ಅಥವಾ ಅದಕ್ಕಿಂತ ಕಡಿಮೆ’ ಎಂದು ಬರೆದು, ಮೇಲ್ ಕಳಿಸಿದ ದಿನವನ್ನು ಇನ್ನೊಂದು ಕಾಲಂನಲ್ಲಿ ಗುರುತು ಹಾಕಿ, ವಾರಕ್ಕೊಮ್ಮೆ ಮಾತ್ರ ಮತ್ತೆ ಹೋಗುವಂತೆ ಮಾಡಿ. ದಿನವೂ ಬರುವ ಮೇಲನ್ನು ಯಾರೂ ಓದುವುದಿಲ್ಲ.

ಜೊತೆಗೆ ಎರಡನೆಯ ಎಚ್ಚರಿಕೆಯೊಂದು ಬೇಕು: G ಕಾಲಂನ ದಿನಾಂಕ 30 ದಿನಕ್ಕಿಂತ ಹಳೆಯದಾದರೆ ‘ಮೀಟರ್ ನೋಡಿ ಬರೆಯಿರಿ’ ಎಂದು. ಹಳಸಿದ ರೀಡಿಂಗ್ ಮೇಲೆ ಕಟ್ಟಿದ ಗಡುವು ಊಹೆಯಷ್ಟೇ. ಊರಿಗೆ ಹೋಗಿಬಂದ ಒಂದು ವಾರದಲ್ಲೇ 1,000 ಕಿ.ಮೀ. ಕಳೆದಿರಬಹುದು, ಅದು ಹಾಳೆಗೆ ಗೊತ್ತಿರುವುದಿಲ್ಲ.

ಹಾಳೆ ಸಿದ್ಧವಾದ ದಿನವೇ ಒಂದು ಪರೀಕ್ಷೆ ಮಾಡಿ. ಎರಡು ವರ್ಷದೊಳಗಿನ ತಿಂಗಳ ಮಿತಿ ಇರುವ ಯಾವುದಾದರೂ ಸಾಲಿನಲ್ಲಿ ಮಾಡಿಸಿದ ದಿನವನ್ನು ಎರಡು ವರ್ಷ ಹಿಂದಕ್ಕೆ ತಿದ್ದಿ, ಹಾಳೆ ಮುಚ್ಚಿಡಿ. ಮರುದಿನ ಫೋನಿಗೆ ಎಚ್ಚರಿಕೆ ಬಂದರೆ ದಿನಾಂಕವನ್ನು ಮೊದಲಿನಂತೆ ಸರಿಪಡಿಸಿ ನೆಮ್ಮದಿಯಿಂದಿರಿ. ಬರದಿದ್ದರೆ ನಿಮ್ಮ ಬಳಿ ಇರುವುದು ಬರೀ ದಾಖಲೆ, ಎಚ್ಚರಿಕೆಯ ವ್ಯವಸ್ಥೆ ಇನ್ನೂ ಆಗಿಲ್ಲ.